ಕಾಮಿಯ ವಾಲೆಟ್ಟು ಮತ್ತು ಗಂಡನ ಹೆಸರು

ಅಂಕೋಲೆಯ ಮೀನು ಪೇಟೆಯಲ್ಲಿ ಕಾಮಿಯ ಬಾಯಿಗೆ ಎದುರಿಲ್ಲ. ಬಂಗಡೆಗೆ ದರ ಕಟ್ಟಲು ಬಂದ ಗಿರಾಕಿ, ಅವಳ ಎರಡು ಮಾತು ಕೇಳಿ ದುಬಾರಿ ಇಸವಾಣ ಮೀನನ್ನೇ ಕೊಂಡು ಹೋದದ್ದೂ ಉಂಟು. ಅಂಥ ಕಾಮಿಯ ಬಾಯಿ ಒಂದೇ ಒಂದು ಸಲ ಕಟ್ಟಿತು. ಕಟ್ಟಿದ್ದು ಬಾಯಿ, ಸಿಕ್ಕಿಬಿದ್ದದ್ದು ದುಡ್ಡು.

ಆ ದುಡ್ಡು ಅವಳೊಬ್ಬಳದ್ದಲ್ಲ. ಅವರ್ಸೆಯ ಐದಾರು ಹೆಂಗಸರು ಬೆಳಗಾಗುವ ಮೊದಲೇ ಜಗದೀಶನ ಟೆಂಪೋ ಹತ್ತಿ ಕಾರವಾರದ ಬೈತಖೋಲ ಬಂದರಿಗೆ ಹೋಗಿ, ಮೀನು ಖರೀದಿಸಿ ಅಂಕೋಲೆಗೆ ಬರುತ್ತಾರೆ. ಬಾಡಿಗೆ ತಿಂಗಳಿಗೊಮ್ಮೆ. ಎಲ್ಲರೂ ತಂತಮ್ಮ ಪಾಲನ್ನು ಕಾಮಿಯ ಮೊಬೈಲಿಗೆ ಹಾಕುತ್ತಾರೆ. ಬ್ಯಾಂಕಿನ ಖಾತೆಗೆ ಬಂದರೆ ಅದು ಮನೆಯ ಅಕ್ಕಿಗೋ ದೋಣಿಯ ರಿಪೇರಿಗೋ ಕರಗುತ್ತದೆಂದು, ಮಗಳು ಚಂದನಾ ಈ ಹಣಕ್ಕೆಂದೇ ಮೊಬೈಲ್ ವಾಲೆಟ್ಟು ತೆಗೆದುಕೊಟ್ಟಿದ್ದಳು.

ವರ್ಷಗಟ್ಟಲೆ ಸರಿಯಾಗಿಯೇ ಇತ್ತು. ಈ ಸಲ ಮಾತ್ರ ‘ನಿಮ್ಮ ಗುರುತನ್ನು ಮತ್ತೊಮ್ಮೆ ದೃಢಪಡಿಸಿ’ ಎಂದು ಸಂದೇಶ ಬಂತು. ಕೆವೈಸಿ ಹಳೆಯದಾಗಿದೆ, ವಿಡಿಯೋ ಕರೆಯಲ್ಲಿ ಮುಖ ತೋರಿಸಬೇಕು ಎಂದಳು ಚಂದನಾ. ಮುಖ ತೋರಿಸುವುದಕ್ಕೇನು, ದಿನವೂ ಊರಿಗೆಲ್ಲ ತೋರಿಸುತ್ತೇನಲ್ಲ ಎಂದು ಕಾಮಿ ಪೇಟೆಯಲ್ಲೇ ಕುಳಿತು ಕರೆ ತೆಗೆದುಕೊಂಡಳು.

ಆಚೆ ಕಡೆ ಟೈ ಕಟ್ಟಿದ ಹುಡುಗ. “ನಮಸ್ಕಾರ ಅಮ್ಮ, ಈ ಕರೆ ರೆಕಾರ್ಡ್ ಆಗುತ್ತಿದೆ. ನಿಮ್ಮ ಒಪ್ಪಿಗೆ ಇದೆಯಾ?”

“ಮಾಡ್ಕೋ ತಮಾ.”

ಪ್ಯಾನ್ ಕಾರ್ಡು ತೋರಿಸಿದಳು. ಕಣ್ಣು ಮಿಟುಕಿಸು ಎಂದ, ಮಿಟುಕಿಸಿದಳು. ತಲೆ ತಿರುಗಿಸು ಎಂದ, ತಿರುಗಿಸಿದಳು. ಹುಟ್ಟಿದ ದಿನ ಕೇಳಿದ, ಹೇಳಿದಳು.

“ಆಧಾರಿನಲ್ಲಿರುವ ನಿಮ್ಮ ಗಂಡನ ಹೆಸರು ಹೇಳಿ.”

ಕಾಮಿ ಸೆರಗು ಸರಿಮಾಡಿಕೊಂಡಳು. “ನಮ್ಮ ಚಂದನಾನ ಅಪ್ಪ.”

“ಹೆಸರು ಬೇಕಮ್ಮ.”

“ಅದು ಆಧಾರದಲ್ಲಿ ಬರ್ದದೆ ಅಲ್ದಾ? ಓದ್ಕೋ. ಕಲ್ತವ ಅಲ್ದಾ ನೀನು?”

“ನೀವೇ ಹೇಳಬೇಕು. ಅದೇ ಪರೀಕ್ಷೆ.”

ಹೇಗೆ ಹೇಳುವುದು? ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅತ್ತೆ ಕಲಿಸಿದ್ದಳು. ಅದರಲ್ಲೂ ದೋಣಿ ನೀರಿನ ಮೇಲಿರುವಾಗ ಸುತಾರಾಂ ಕೂಡದು. ಗಂಡ ಆ ಹೊತ್ತಿನಲ್ಲಿ ಬಲೆ ಬಿಟ್ಟುಕೊಂಡು ಕಡಲಲ್ಲಿದ್ದ. ಕಾಮಿ ತುಟಿ ಬಿಗಿಹಿಡಿದು ಮೊಬೈಲನ್ನೇ ನೋಡುತ್ತ ಕುಳಿತಳು.

ಪಕ್ಕದಲ್ಲಿ ಸಿಗಡಿ ಗುಪ್ಪೆ ಹಾಕಿಕೊಂಡಿದ್ದ ಮಂಗಲಾಗೆ ತಡೆಯಲಿಲ್ಲ. ಇಡೀ ಪೇಟೆಗೆ ಕೇಳುವಂತೆ ಕೂಗಿದಳು: “ಕುಪ್ಪ! ಕುಪ್ಪ ಹರಿಕಂತ್ರ! ಬರ್ಕೊಳ್ಳಿ ಸಾಹೇಬ್ರೇ!”

ಹುಡುಗನ ಮುಖ ಗಂಭೀರವಾಯಿತು. “ನಿಮಗೆ ಯಾರೋ ಉತ್ತರ ಹೇಳಿಕೊಡುತ್ತಿದ್ದಾರೆ. ಕ್ಷಮಿಸಿ.” ಕರೆ ಕಡಿಯಿತು.

ಮಧ್ಯಾಹ್ನದೊಳಗೆ ವಾಲೆಟ್ಟು ಸ್ತಬ್ಧ. ‘ದೃಢೀಕರಣ ವಿಫಲ. ಖಾತೆ ಪರಿಶೀಲನೆಯಲ್ಲಿದೆ.’ ದುಡ್ಡು ಪರದೆಯ ಮೇಲೆ ಕಾಣುತ್ತದೆ, ಗಾಜಿನ ಪೆಟ್ಟಿಗೆಯೊಳಗಿನ ಬಣ್ಣದ ಮೀನಿನ ಹಾಗೆ, ಕೈಗೆ ಸಿಗುವುದಿಲ್ಲ.

ಚಂದನಾ ಆ್ಯಪಿನ ಸಹಾಯಕ್ಕೆ ಬರೆದಳು. ಅಲ್ಲಿ ಉತ್ತರಿಸುವುದು ಯಂತ್ರ. ‘ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ. ದಯವಿಟ್ಟು ಕಾಯಿರಿ.’ ಕಾಮಿ ಮೊಬೈಲ್ ಕಸಿದುಕೊಂಡು ತಾನೇ ಮಾತಾಡಿ ಕಳಿಸಿದಳು: “ನೋಡು ತಂಗಿ, ಅದು ನನ್ನ ದುಡ್ಡಲ್ಲ, ಟೆಂಪೋದ್ದು. ಕೊಟ್ಬಿಡು.” ಉತ್ತರ ಬಂತು: ‘ಸಹಾಯ ಮಾಡಿದ್ದಕ್ಕೆ ಸಂತೋಷ. ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’

“ಇದಕ್ಕೆ ಹಗಲಲ್ಲೇ ನಕ್ಷತ್ರ ತೋರಿಸ್ಬೇಕು,” ಎಂದಳು ಕಾಮಿ.

ಪೇಟೆಯಲ್ಲಿ ಮಾತು ಬೆಳೆಯಿತು. “ಕಾಮಕ್ಕ, ನಮ್ಮ ದುಡ್ಡು ಮೊಬೈಲು ನುಂಗ್ತೋ, ಮೊಬೈಲ್ ಹಿಡ್ದೋರು ನುಂಗಿದ್ರೋ?” ಎಂದು ಕೇಳಿದ್ದು ಬೇರೆ ಯಾರೂ ಅಲ್ಲ, ಮಂಗಲಾ. ನಗುತ್ತಲೇ ಕೇಳಿದಳು. ಆದರೆ ಉಳಿದವರು ನಗಲಿಲ್ಲ. ಅದು ಕಾಮಿಗೆ ತಾಗಿತು. ಅಂದು ಮನೆಗೆ ಬಂದವಳು ಅನ್ನ ಬಡಿಸಿದಳೇ ಹೊರತು ಉಣ್ಣಲಿಲ್ಲ.

ಜಗದೀಶ ಒಳ್ಳೆಯವ, ಆದರೆ ಟೆಂಪೋದ ಕಂತು ಕಟ್ಟುವವ. “ಕಾಮಕ್ಕ, ಮಲ್ಲಾಪುರದ ಕ್ಯಾಂಟೀನಿಗೆ ತರಕಾರಿ ಹಾಕೂಕೆ ಕರೀತಿದ್ರು. ಈ ಭಾನುವಾರದವರೆಗೆ ನೋಡ್ತೆ. ಆಮೇಲೆ ನನ್ನ ಬೈಬೇಡಿ.”

ಅಷ್ಟರಲ್ಲಿ ಆ್ಯಪಿನವರು ‘ದೂರು ಬಗೆಹರಿದಿದೆ’ ಎಂದು ಮುಚ್ಚಿಯೇಬಿಟ್ಟಿದ್ದರು. ಚಂದನಾ ಬಿಡಲಿಲ್ಲ. ನಿಯಮಗಳ ಪುಟದ ತೀರಾ ಕೆಳಗೆ ಕುಂಕುಮ ರೇಣುವಿನಷ್ಟು ಸಣ್ಣ ಅಕ್ಷರದಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸವಿತ್ತು. ಅವರಿಗೆ ಬರೆದಳು. ಹಣ ಬಿಡಬೇಕು, ತಡೆದದ್ದು ಯಾಕೆಂದು ನೇರ ಮಾತಿನಲ್ಲಿ ತಿಳಿಸಬೇಕು, ತಿಂಗಳೊಳಗೆ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡುತ್ತೇವೆ.

“ಕಡೀಗೆ ‘ಇಂತಿ ನಿಮ್ಮ’ ಅಂತ ಹಾಕು. ಬೈದ್ರೂ ಮರ್ಯಾದಿ ಇರ್ಲಿ,” ಎಂದಳು ಕಾಮಿ.

ಶುಕ್ರವಾರ ಉತ್ತರ ಬಂತು. ಈ ಸಲ ಮನುಷ್ಯರೇ ಬರೆದಿದ್ದರು. ಚಂದನಾ ಓದಿದಳು: “‘ಗ್ರಾಹಕರು ತಮ್ಮ ಗಂಡನ ಹೆಸರನ್ನು ಹೇಳಲು ಅಸಮರ್ಥರಾದರು. ಪಕ್ಕದಲ್ಲಿದ್ದವರು ಉತ್ತರ ಒದಗಿಸಿದರು. ಬೇರೆಯವರು ಖಾತೆ ಬಳಸುತ್ತಿರುವ ಅನುಮಾನದಿಂದ ತಡೆಹಿಡಿಯಲಾಗಿದೆ. ಮತ್ತೊಮ್ಮೆ ವಿಡಿಯೋ ದೃಢೀಕರಣ ಮುಗಿಸಿದರೆ ತಡೆ ತೆಗೆಯಲಾಗುವುದು.’”

“ಅಸಮರ್ಥಳೇ?” ಕಾಮಿ ಎದ್ದು ನಿಂತಳು. “ಇಷ್ಟು ವರ್ಷ ಅವರ ಅಂಗಿ ಒಗ್ದವಳಿಗೆ ಅವರ ಹೆಸರು ಗೊತ್ತಿಲ್ವಂತಾ?”

ಬಾಗಿಲಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ ಕುಪ್ಪ ತಲೆ ಎತ್ತಿದ. “ಹೇಳಿಬಿಡು ಮಾರಾಯ್ತಿ. ನಾ ಎಂತ ಸಾಯೂದಿಲ್ಲ.”

“ನೀವು ಸುಮ್ನಿರಿ. ಹೇಳೂದಾದ್ರೆ ನೀವು ದಂಡೆ ಮೇಲಿರ್ಬೇಕು, ಮತ್ತೆ ಮದುವೆ ಮನೇಲಿ ಹೇಳಿದ ಹಾಗೇ ಒಡಪು ಕಟ್ಟಿ ಹೇಳೂದು. ಹಾಗಾದ್ರೆ ದೋಷ ಇಲ್ಲ.”

ಶನಿವಾರ ಸಂಜೆಗೆ ಸಮಯ ಗೊತ್ತಾಯಿತು. ಅಷ್ಟರೊಳಗೆ ಬರುತ್ತೇನೆಂದು ಕುಪ್ಪ ಬೆಳಿಗ್ಗೆ ಕಡಲಿಗಿಳಿದಿದ್ದ. ಮನೆಯಲ್ಲಿ ಸಿಗ್ನಲ್ ಸಿಗದೆ ಕಾಮಿ ಮೊಬೈಲ್ ಹಿಡಿದು ದಂಡೆಗೇ ಬಂದಳು. ಮಗಳನ್ನೂ ಮಂಗಲಾಳನ್ನೂ ತೆಂಗಿನ ಮರದಾಚೆ ನಿಲ್ಲಿಸಿ, “ಉಸಿರು ಬಿಟ್ರೆ ನೋಡಿ ಮತ್ತೆ,” ಎಂದಳು.

ಕರೆ ಬಂತು. ಅದೇ ಟೈಯ ಹುಡುಗ. ಕಾರ್ಡು, ಕಣ್ಣು, ತಲೆ ಎಲ್ಲ ಮುಗಿಯಿತು. “ಈಗ ಗಂಡನ ಹೆಸರು ಹೇಳಿ.”

ಕುಪ್ಪನ ದೋಣಿ ಇನ್ನೂ ಅಲೆಯ ಮೇಲಿತ್ತು.

“ಒಂದು ಗಳಿಗೆ ತಡಿ ತಮಾ.”

“ಅಮ್ಮ, ಎತ್ತ ನೋಡ್ತಿದ್ದೀರಿ? ಅಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ಕಡಲು.” ಬೇಕಾದರೆ ನೋಡು ಎಂದು ಮೊಬೈಲ್ ತಿರುಗಿಸಿದಳು. ದೂರದಲ್ಲಿ ಕುಪ್ಪ ಹುಟ್ಟು ಹಾಕುತ್ತಿದ್ದ. “ಅವರ ಕಾಲು ಮರಳಿಗೆ ತಾಗ್ಲಿ. ನೀನೂ ಒಬ್ಬ ತಾಯಿ ಮಗ ಅಲ್ದಾ?”

ಹುಡುಗ ಗಡಿಯಾರ ನೋಡಿಕೊಂಡ. ಆದರೆ ಕರೆ ಕಡಿಯಲಿಲ್ಲ.

ದೋಣಿ ಮರಳಿಗೆ ಉಜ್ಜಿತು. ಕುಪ್ಪ ಇಳಿದ. ಕಾಮಿ ಸೆರಗು ಹೊದ್ದು, ಮೊಬೈಲನ್ನು ಎದುರಿಗೆ ಹಿಡಿದು, ಮದುಮಗಳಂತೆ ತಲೆ ತಗ್ಗಿಸಿ ಒಡಪು ಹೇಳಿದಳು:

“ಸಾಣಿಕಟ್ಟೆ ಆಗರದಲ್ಲಿ ರಾಶಿ ರಾಶಿ ಉಪ್ಪ,
ಬಿಸಿ ಬಿಸಿ ಗಂಜಿ ಮೇಲೆ ಕರಗಿದ್ದು ತುಪ್ಪ,
ನನ್ನ ಹಣೆಯ ಕುಂಕುಮಕ್ಕೆ ಒಡೆಯರು ಕುಪ್ಪ!”

ಹುಡುಗ ಕೆಮ್ಮಿದ. “ಹೆಸರು ಮಾತ್ರ ಸಾಕಿತ್ತಮ್ಮ... ಆಯ್ತು. ಇನ್ನೊಬ್ಬರು ಪರಿಶೀಲಿಸಿದ ಮೇಲೆ ತಡೆ ತೆಗೀತಾರೆ.”

ಭಾನುವಾರ ಬೆಳಿಗ್ಗೆ ಸಂದೇಶ ಬಂತು. ಕಾಮಿ ಪೇಟೆಯ ನಡುವೆ ನಿಂತು, ಎಲ್ಲರ ಕಣ್ಣೆದುರೇ ಜಗದೀಶನಿಗೆ ಬಾಡಿಗೆ ಕಳಿಸಿದಳು. ಮಂಗಲಾ ಎರಡು ಗುಪ್ಪೆ ಸಿಗಡಿಯನ್ನು ಕಾಮಿಯ ಬುಟ್ಟಿಗೆ ಸುರಿದಳು.

ರಾತ್ರಿ ಅದೇ ಸಿಗಡಿಯ ಸಾರು. ಕುಪ್ಪ ಉಣ್ಣುತ್ತ ಉಣ್ಣುತ್ತ ಮೆಲ್ಲಗೆ, “ನಿನ್ನೆ ಗಾಳಿಗೆ ಸಮಾ ಕೇಳ್ಲಿಲ್ಲ. ಆ ಒಡಪು ಇನ್ನೊಂದ್ಸಲ ಹೇಳೇ,” ಎಂದ.

ಕಾಮಿ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು. “ಬೇಕಾದ್ರೆ ಆ ವಾಲೆಟ್ಟಿನವ್ರಿಗೇ ಅರ್ಜಿ ಹಾಕಿ. ಅವರ ಹತ್ರ ರೆಕಾರ್ಡ್ ಅದೆ.”