ಒಣಗಿದ್ದ ಪೆಟ್ಟಿಗೆ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯಿಂದಲೇ ನಾನು ಹಳೆಯ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಹೋದ ವಾರ ಮಾರಿದ ಒಂದು ನಿಘಂಟಿನ ಕೊನೆಯ ಪುಟಗಳಲ್ಲಿ ನೀರಿನ ಕಲೆಯಿತ್ತು. ಯಾರು ಅಷ್ಟು ದೂರ ತಿರುವಿ ನೋಡುತ್ತಾರೆ ಎಂಬ ಕೊಬ್ಬು ನನಗೆ. ಆ ಪುಟಗಳ ಫೋಟೊ ಹಾಕದೆ, 'ಎಲ್ಲೂ ಕಲೆಯಿಲ್ಲ' ಎಂದು ಬರೆದೆ. ಆಮೇಲೆ, ಅಪ್ಪ ಸೀರೆ ಕಳಿಸುವಾಗ ಮಾಡುವ ಹಾಗೆಯೇ ಎರಡು ಪ್ಲಾಸ್ಟಿಕ್ ಕವರು ಸುತ್ತಿ, ಮೂಲೆಗಳಿಗೆ ರಟ್ಟು ಕೊಟ್ಟು, ಅಲುಗಾಡದಂತೆ ಪೆಟ್ಟಿಗೆಯೊಳಗೆ ಕಾಗದ ತುರುಕಿ ಕಳಿಸಿದೆ.

ನಾಲ್ಕನೇ ದಿನ ಕೊಂಡವರು ಫೋನ್ ಮಾಡಿದರು. ವಯಸ್ಸಾದ ದನಿ.

"ಪ್ರಮೋದಾ ಅಲ್ವೇನಮ್ಮ? ಪುಸ್ತಕದಲ್ಲಿ ನೀರಿನ ಕಲೆ ಇದೆಯಲ್ಲಮ್ಮ?"

"ದಾರೀಲಿ ನೆಂದಿರ್ಬೇಕು ಸರ್, ಮಳೆ ಅಲ್ವಾ?" ಎಂದುಬಿಟ್ಟೆ.

"ಪೆಟ್ಟಿಗೆ ಒಣಗಿತ್ತು. ಒಳಗಿನ ಎರಡು ಕವರೂ ಒಣಗಿದ್ವು. ಇಷ್ಟು ಚೆನ್ನಾಗಿ ಸುತ್ತಿದ್ರೆ ನೀರು ಹೆಂಗಮ್ಮ ಒಳಗೆ ಹೋಗುತ್ತೆ?"

"ವಾಪಸ್ ಕಳ್ಸಿ ಸರ್" ಎಂದೆ, ಕಷ್ಟಪಟ್ಟು.

"ಇರ್ಲಿ ಬಿಡಮ್ಮ. ಪ್ಯಾಕಿಂಗ್ ಮಾತ್ರ ಬಹಳ ಚೆನ್ನಾಗಿದೆ. ಯಾರು ಕಲಿಸಿದ್ದು?"

ಎದುರಿಗೆ ಅಪ್ಪ ಎಣ್ಣೆಕಲೆ ಬಿದ್ದ ಸೀರೆಯೊಂದನ್ನು ಮಡಿಸುತ್ತಿದ್ದ. ಕೊಳ್ಳುವವರ ಕಣ್ಣಿಗೆ ಮೊದಲು ಬೀಳಲೆಂದು ಕಲೆಯನ್ನೇ ಮೇಲೆ ಮಾಡಿಟ್ಟ. ಅವನ ಹೆಸರು ಹೇಳಲು ನನಗೆ ನಾಲಿಗೆ ಏಳಲಿಲ್ಲ.