ಕೈ ತೆಗೆದವನೆ ಅಂತ

ವನಜಾಳ ಇಂಗ್ಲಿಷಿನ ಬಗ್ಗೆ ಕಾರ್ಖಾನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳಿಗಂತೂ ಮೊದಲೇ ಇರಲಿಲ್ಲ. ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿ ದಾಟಿ, ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗಿರುವ ತಗಡಿನ ಬಿಡಿಭಾಗಗಳ ಕಾರ್ಖಾನೆ ಅದು. ಅಲ್ಲಿನ ಎಚ್‌ಆರ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕಸುಬು. ತಪ್ಪು ಮಾಡಿದ, ಅಥವಾ ಮಾಡಿದರೆಂದು ಮೇಲಿನವರು ಹೇಳುವ ಕೆಲಸಗಾರರು ಕನ್ನಡದಲ್ಲಿ ಕೊಡುವ ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡುವುದು.

ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಗೀಚಿಕೊಳ್ಳುತ್ತಿದ್ದಳು, ಆಮೇಲೆ ಟೈಪು. ಕೆಲಸಗಾರರ ಮಾತಿನಲ್ಲಿ ಎರಡು ಸಾಲಿಗೊಂದು 'ಅಂತ' ಬಂದೇ ಬರುತ್ತದೆ. ಅದು ಕಂಡಲ್ಲೆಲ್ಲ 'ಸೆಡ್ ದಟ್' ಎಂದು ಕುಟ್ಟುವುದು ಅವಳ ಬೆರಳಿಗೆ ಅಂಟಿದ ಅಭ್ಯಾಸ. ಹಾಳೆಯ ಬುಡದಲ್ಲಿ 'ಕನ್ನಡದಲ್ಲಿ ಓದಿ ಹೇಳಲಾಯಿತು, ಒಪ್ಪಿದರು' ಎಂಬ ಸಾಲು ಮೊದಲೇ ಅಚ್ಚಾಗಿರುತ್ತಿತ್ತು. ಅಚ್ಚಾದ ಮೇಲೆ ಓದಿ ಹೇಳುವುದು ಯಾಕೆ? ಅವಳು ಸಹಿಯ ಜಾಗ ತೋರಿಸುತ್ತಿದ್ದಳು, ಅವರು ಹಾಕುತ್ತಿದ್ದರು. ಈ ಅಡ್ಡದಾರಿ ಮೇಲಿನವರಿಗೂ ಗೊತ್ತಿತ್ತು, ಬಾಯಿಬಿಟ್ಟವರು ಯಾರೂ ಇಲ್ಲ.

ಶ್ರಾವಣದ ಒಂದು ಮಂಗಳವಾರ ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಮುನಿರಾಜುವಿನ ಬಲಗೈಯ ಮೂರು ಬೆರಳು ಹೋದವು. ಪೆಡಲ್ ತುಳಿದವನು ಚಿಕ್ಕಬೈರಪ್ಪ. ಆನೇಕಲ್ ಕಡೆಯ ಮನುಷ್ಯ, ಐವತ್ತಾರು ವಯಸ್ಸು. ಒಬ್ಬ ತಗಡು ಇಡುವುದು, ಇನ್ನೊಬ್ಬ ತುಳಿಯುವುದು, ಹೀಗೆ ಒಂಬತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತವರು. ಮುನಿರಾಜುವಿನ ಮಗಳ ನಾಮಕರಣದಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವನೂ ಈ ಬೈರಪ್ಪನೇ.

ಮರುದಿನ ಚಿಕ್ಕಬೈರಪ್ಪ ಹೇಳಿಕೆ ಕೊಡಲು ಬಂದ.

"ಕೈ ತಗ್ದವ್ನೆ ಅಂತ ತುಳಿದ್ಬುಟ್ಟೆ ವನಜಮ್ಮ," ಅಂದ. "ಕೆಲ್ಸ ಓದ್ರೆ ಓಗ್ಲಿ. ಮುನಿರಾಜು ನನ್ನ ತಪ್ಪು ತಿಳ್ಕಬಾರ್ದು, ಅಷ್ಟೆ."

ವನಜಾ ಗೀಚಿಕೊಂಡಳು, ಟೈಪಿಸಿದಳು, ಸಹಿ ಹಾಕಿಸಿದಳು. ಊಟದ ಹೊತ್ತಾಗಿತ್ತು.

ಮೂರು ವಾರ ಬಿಟ್ಟು ವಿಚಾರಣೆ. ವಿಚಾರಣಾಧಿಕಾರಿ ಸಿದ್ಧಾರ್ಥ್ ಎಂಬ ಹೊರಗಿನ ವಕೀಲ. ಅವನ ಕನ್ನಡ ಮಾತಿಗಷ್ಟೇ, ಓದಲು ಬಾರದು. ಮೇಜಿನ ಈಚೆ ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ಮುನಿರಾಜು, ಆಚೆ ಚಿಕ್ಕಬೈರಪ್ಪ. ಸಿದ್ಧಾರ್ಥ್ ಹೇಳಿದಂತೆ ವನಜಾ ಬೈರಪ್ಪನ ಹೇಳಿಕೆಯನ್ನು ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತಂದು ಓದಿದಳು.

"'ಕೈ ತೆಗೆದಿದ್ದೀನಿ ಅಂತ ಮುನಿರಾಜು ಹೇಳಿದ. ಅದಕ್ಕೆ ಪೆಡಲ್ ತುಳಿದೆ.'"

ಮುನಿರಾಜು ಎದ್ದು ನಿಂತ. "ನಾನು ಹೇಳಿದ್ನಾ? ನನ್ ಬೆರಳು ನಾನೇ ಕೊಟ್ಕೊಂಡ್ನಾ ಬೈರಣ್ಣ?"

"ಅಯ್ಯೋ, ನಾನ್ ಅಂಗಂದಿಲ್ಲ ಕಣಪ್ಪ!"

"ಸಹಿ ನಿಮ್ಮದೇ ಅಲ್ವಾ?" ಎಂದು ಸಿದ್ಧಾರ್ಥ್ ಹಾಳೆ ತಿರುಗಿಸಿ ತೋರಿಸಿದ.

ಸಹಿ ನೋಡಿದ್ದೇ ಮುನಿರಾಜುವಿನ ಮುಖ ಕಪ್ಪಿಟ್ಟಿತು. "ಹಂಗಾದ್ರೆ ಬರ್ಕೊಳ್ಳಿ ಸಾರ್. ನನ್ ಕೈ ಒಳಗಿದ್ದಿದ್ದು ನೋಡವ್ನೆ. ನೋಡಿ ಬೇಕಂತಲೇ ತುಳ್ದ."

ವನಜಾ 'ಡೆಲಿಬರೇಟ್ಲಿ' ಎಂದು ಟೈಪಿಸಿದಳು. ಈ ಸಲ ಒಂದಕ್ಷರವೂ ತಪ್ಪಾಗಲಿಲ್ಲ.

ಸೀಟಿಗೆ ಬಂದು ನೋಟ್‌ಬುಕ್ ಬಿಚ್ಚಿದಳು. ಅವಳದೇ ಅಕ್ಷರದಲ್ಲಿತ್ತು: 'ಕೈ ತೆಗೆದವನೆ ಅಂತ ತುಳಿದೆ.' ಮುನಿರಾಜು ಬಾಯಿಬಿಟ್ಟು ಹೇಳಿದ್ದರೆ ಬೈರಪ್ಪ ಆ ಮಾತನ್ನು ಇದ್ದ ಹಾಗೇ ಎತ್ತಿ 'ತೆಗೆದಿದ್ದೀನಿ ಅಂತ ಅಂದ' ಎನ್ನುತ್ತಿದ್ದ. 'ತೆಗೆದವನೆ', ಅಂದರೆ ಅವನು ತೆಗೆದಿದ್ದಾನೆ, ಎಂಬುದು ಬೈರಪ್ಪನ ಮನಸ್ಸಿನ ಮಾತು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಹಾಗಂದುಕೊಂಡ, ತುಳಿದ. ಕನ್ನಡದ ಈ 'ಅಂತ'ಕ್ಕೆ ಬಾಯಿಯ ಮಾತೂ ಒಂದೇ, ಮನಸ್ಸಿನ ಮಾತೂ ಒಂದೇ. ಮಾಡಬೇಕೆಂದು ಹೊರಟ ಕೆಲಸಕ್ಕೂ ಅದೇ ಸಾಕು. ಹಾಲು ತರೋಣ ಅಂತ ಹೋದೆ ಎಂದರೆ ಹಾಲು ತರೋಣ ಎಂದು ಬೀದಿಯಲ್ಲಿ ಕೂಗಿಕೊಂಡು ಹೋದೆ ಎಂದಲ್ಲವಲ್ಲ! ಇಂಗ್ಲಿಷಿಗೆ ಬರುವಾಗ ಹೇಳಿದನೋ, ಅಂದುಕೊಂಡನೋ, ಬಯಸಿದನೋ ಎಂದು ತೀರ್ಮಾನಿಸಿ ಬೇರೆ ಬೇರೆ ಪದ ಹಾಕಬೇಕು. ಜೊತೆಗೆ ಅಲ್ಲಿ 'ತೆಗೆದಿದ್ದೀನಿ' ಎಂಬ ಮಾತೂ 'ತೆಗೆದವನೆ' ಎಂಬ ಎಣಿಕೆಯೂ ಎರಡೂ 'ಹಿ ಹ್ಯಾಡ್' ಆಗಿಬಿಡುತ್ತವೆ. 'ಮುನಿರಾಜು ಸೆಡ್ ದಟ್' ಎಂದು ಕುಟ್ಟಿ, ಅದು ಬೈರಪ್ಪನ ಎಣಿಕೆ ಎಂಬುದನ್ನೇ ಅವಳು ಹಾಳೆಯಲ್ಲಿ ಅಳಿಸಿದ್ದಳು. ಓದಿ ಹೇಳುವಾಗ 'ತೆಗೆದಿದ್ದೀನಿ' ಎಂದು ಮುನಿರಾಜುವಿನ ಬಾಯಿಗೆ ತುರುಕಿದವಳೂ ಅವಳೇ. ಅವತ್ತೇ ಒಂದು ಸಲ ಓದಿ ಹೇಳಿದ್ದರೆ ಬೈರಪ್ಪ ಅಲ್ಲೇ ತಡೆಯುತ್ತಿದ್ದ. ಎರಡು ನಿಮಿಷದ ಕೆಲಸ. ಥೂ, ನನ್ನ ಜನ್ಮಕ್ಕಿಷ್ಟು!

ಒಂದು ದಿನ ಸುಮ್ಮನಿದ್ದಳು. ಓದಿ ಹೇಳಿಲ್ಲ ಎಂದು ಒಪ್ಪಿಕೊಂಡರೆ ಅವಳ ಅನ್ನಕ್ಕೇ ಕಲ್ಲು. ಎರಡನೆಯ ದಿನ ನೋಟ್‌ಬುಕ್ ಹಿಡಿದು ಸಿದ್ಧಾರ್ಥನ ಮುಂದೆ ನಿಂತಳು.

ಆತ ಸಮಾಧಾನದಿಂದಲೇ ಕೇಳಿಸಿಕೊಂಡ. "ಲೆಟರ್ ಕೊಡಿ ಮೇಡಂ, ಫೈಲಿಗೆ ಹಾಕ್ತೀನಿ. ಆದ್ರೆ ಮುನಿರಾಜು ಬೇಕಂತ ತುಳಿದ ಅಂದಿದಾನಲ್ಲ, ಅದು ನಿಮ್ಮ ಮಿಸ್ಟೇಕ್ ಅಲ್ವಲ್ಲ? ಅವನೇ ವಾಪಸ್ ತಗೋಬೇಕು."

ಪತ್ರ ಕೊಟ್ಟಳು. ಸಂಜೆಯೊಳಗೆ ಕಾರಣ ಕೇಳಿ ಅವಳಿಗೂ ಒಂದು ನೋಟಿಸ್ ಬಂತು.

ಭಾನುವಾರ ಬೆಳಿಗ್ಗೆ ಚಂದಾಪುರದಲ್ಲಿ ಮುನಿರಾಜುವಿನ ಬಾಡಿಗೆ ಮನೆ ಹುಡುಕಿಕೊಂಡು ಹೋದಳು. ಬಾಗಿಲಲ್ಲಿ ಕೂತು ಎಡಗೈಯಲ್ಲಿ ಕಾಫಿ ಕುಡಿಯುತ್ತಿದ್ದ. ಅವಳು ನೋಟ್‌ಬುಕ್ ಬಿಚ್ಚಿ ಗಟ್ಟಿಯಾಗಿ ಓದಿದಳು. ಹನ್ನೊಂದು ವರ್ಷದಲ್ಲಿ ಒಬ್ಬ ಕೆಲಸಗಾರನ ಮುಂದೆ ಹೀಗೆ ಓದಿದ್ದು ಇದೇ ಮೊದಲು.

"ನೀವು ಹೇಳಿದ್ರಿ ಅಂತ ಅವ್ರು ಅಂದೇ ಇಲ್ಲ. ಕೈ ತೆಗೆದಿದೀರ ಅಂದ್ಕೊಂಡೆ ಅಂದಿದ್ರು. ತಪ್ಪು ನಂದು."

ಮುನಿರಾಜು ಲೋಟ ಕೆಳಗಿಟ್ಟ. "ಸಿಟ್ಟಲ್ಲಿ ಅಂದ್ಬಿಟ್ಟೆ ಅಕ್ಕ. ಬೈರಣ್ಣ ಬೇಕಂತ ತುಳಿಯೋ ಮನ್ಷ ಅಲ್ಲ. ನಂಗೊತ್ತಿಲ್ವಾ? ನಾಳೆನೇ ಬಂದು ವಾಪಸ್ ತಗೋತೀನಿ. ಇರಿ, ಈಗ್ಲೇ ಬೈರಣ್ಣಂಗೆ ಹೇಳ್ಬಿಡ್ತೀನಿ."

ಎಡಗೈಯಲ್ಲಿ ತಡವರಿಸುತ್ತಾ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ವನಜಾಳ ಎದೆ ಸ್ವಲ್ಪ ಹಗುರಾಯಿತು. ಅತ್ತ ಚಿಕ್ಕಬೈರಪ್ಪ ಎತ್ತಿದ. ಮುನಿರಾಜು ಅಳುತ್ತಲೇ ಎಲ್ಲ ಒದರಿದ. ಟೈಪಿಂಗಲ್ಲಿ ತಪ್ಪಾಗಿತ್ತಂತೆ, ಇಂಗ್ಲಿಷಲ್ಲಿ ಬೇರೆ ಥರ ಬಂದಿತ್ತಂತೆ, ವನಜಕ್ಕ ಒಪ್ಪಿಕೊಂಡರಂತೆ.



"ಓಗ್ಲಿ ಬಿಡು. ವನಜಮ್ಮ ಬರ್ದಿದ್ದು ಇಂಗ್ಲೀಸಲ್ಲಿ, ನಂಗೆ ತಿಳೀಲಿಲ್ಲ, ಸೈನ್ ಆಕ್ದೆ," ಎಂದ ಚಿಕ್ಕಬೈರಪ್ಪ. "ನೀನು ಬೇಕಂತ ತುಳ್ದ ಅಂದ್ಯಲ್ಲ ಮುನಿರಾಜು, ನನ್ ಮುಖ ನೋಡ್ಕಂಡು. ಅದನ್ನ ಕನ್ನಡದಾಗೇ ಕೇಳಿಸ್ಕಂಡೆ ಕಣಪ್ಪ."

"ಬೈರಣ್ಣ..."

"ನಿನ್ನೆ ರಾಜೀನಾಮೆ ಬರ್ಕೊಟ್ಟೆ. ಕೈ ಉಸಾರು."

ಫೋನ್ ಕಟ್ಟಾಯಿತು. ಮುನಿರಾಜು ಮತ್ತೆ ಮಾಡಿದ. ಗಂಟೆ ಹೊಡೆದುಕೊಂಡೇ ಹೋಯಿತು, ಯಾರೂ ಎತ್ತಲಿಲ್ಲ.