ಗಂಟಲು ಕಟ್ಟಿದವರಿಗೊಂದು ಧನ್ಯವಾದ ಪತ್ರ

ಉದ್ಯೋಗ ಮೇಳ ಮುಗಿದ ಸಭಾಂಗಣದಷ್ಟು ದರಿದ್ರವಾದ ಜಾಗ ಇನ್ನೊಂದಿರಲಾರದು. ಬೆಳಿಗ್ಗೆ ಭವಿಷ್ಯದ ಹೆಸರು ಹೊತ್ತು ನೆಟ್ಟಗೆ ನಿಂತಿದ್ದ ಬ್ಯಾನರು ಸಂಜೆಗೆ ಒಂದು ಮೂಲೆ ಕಳಚಿಕೊಂಡು ಜೋತುಬಿದ್ದಿತ್ತು. ಕಂಪನಿಗಳವರು ಹಂಚಿದ್ದ ನುಣುಪು ಕೈಪಿಡಿಗಳು ಮಧ್ಯಾಹ್ನದ ಸೆಕೆಗೆ ಬೀಸಣಿಗೆಯಾಗಿ, ಆಮೇಲೆ ಮೆಟ್ಟಿಲ ಮೇಲೆ ಆಸನವಾಗಿ, ಕಡೆಗೆ ಕಸವಾಗಿ ಬಿದ್ದಿದ್ದವು. ಅವನ್ನು ಓದಲೂಬಹುದೆಂದು ಅಂತಿಮ ವರ್ಷದ ಯಾವ ಇಂಜಿನಿಯರಿಗೂ ಹೊಳೆದಂತಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿನ ಉದ್ಯೋಗಾಧಿಕಾರಿ ತರಗತಿಗೆ ಬಂದು ಗೋಡೆಯ ಪರದೆಯ ಮೇಲೆ ಒಂದು ಪತ್ರ ಮೂಡಿಸಿದರು. ರಜೆಚೀಟಿಯಿಂದ ಸಂತಾಪ ಸೂಚನೆಯವರೆಗೆ ಎಲ್ಲಕ್ಕೂ ಇವರಲ್ಲಿ ಒಂದು ನಮೂನೆ ಸಿದ್ಧವಿರುತ್ತಿದ್ದುದರಿಂದ ವಿದ್ಯಾರ್ಥಿಗಳು ಇವರನ್ನು ನಮೂನೆ ಸರ್ ಎಂದೇ ಕರೆಯುತ್ತಿದ್ದರು.

“ಮೇಳದಲ್ಲಿ ಭೇಟಿಯಾದವರಿಗೆ ಇವತ್ತೇ ಇಮೇಲ್ ಹೋಗ್ಬೇಕು. ನಾಳೆ ಅಂದ್ರೆ ಅವರು ಮರೆತಿರ್ತಾರೆ. ಬಿಟ್ಟ ಜಾಗದಲ್ಲಿ ಹೆಸರು ತುಂಬಿ, ಬಯೋಡೇಟಾ ಲಗತ್ತಿಸಿ, ನನಗೊಂದು ಪ್ರತಿ ಹಾಕಿ. ನಿಮ್ಮ ಸ್ವಂತ ಬುದ್ಧಿ ಬೇಡ.”

ಕಡೆಯ ಮಾತನ್ನು ಅವರು ಬೋಧನೆಯ ಸಾರವೆಂಬಂತೆ ಹೇಳಿದರು. ಪತ್ರ ಹೀಗಿತ್ತು: “ನಿನ್ನೆ ನಿಮ್ಮನ್ನು ಭೇಟಿಯಾದದ್ದು ನನ್ನ ಸೌಭಾಗ್ಯ. ನಿಮ್ಮ ಸ್ಫೂರ್ತಿದಾಯಕ ಮಾತುಗಳು ನನ್ನ ಕಿವಿಯಲ್ಲಿ ಇನ್ನೂ ಅನುರಣಿಸುತ್ತಿವೆ.”

ಮೂರನೆಯ ಸಾಲಿನ ಬೆಂಚಿನಲ್ಲಿದ್ದ ಪುಟ್ಟಿಗೆ ನಗು ಬಂತು, ಮರುಗಳಿಗೆ ಹೆದರಿಕೆಯಾಯಿತು. ಅವಳು ಕಣ್ಣಿಟ್ಟಿದ್ದ ಕೆಲಸ ಲಿಫ್ಟ್ ಕಂಪನಿಯದು. ಆ ಮಳಿಗೆಯಲ್ಲಿ ಕೂತಿದ್ದ ನೇಮಕಾತಿಯ ಮೇಡಂ ಇಡೀ ದಿನ ಒಂದಕ್ಷರ ಮಾತಾಡಿರಲಿಲ್ಲ. ಗಂಟಲು ಕಟ್ಟಿತ್ತು. ಮೇಜಿನ ಮೇಲೆ ಹಾಗೆಂದು ಬರೆದ ಚೀಟಿ ಅಂಟಿಸಿ, ಬಂದವರಿಗೆಲ್ಲ ಕಾಗದದ ಮೇಲೆ ಒಂದೇ ಪ್ರಶ್ನೆ ಬರೆದು ತೋರಿಸುತ್ತಿದ್ದರು: ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿದೆ, ಒಳಗೆ ಜನರಿದ್ದಾರೆ; ನಿಮ್ಮ ಮೊದಲ ಕೆಲಸ ಏನು?

“ಬ್ರೇಕ್ ಬಿಡಿಸಿ ಹತ್ತಿರದ ಮಹಡಿಗೆ ತರ್ತೀನಿ” ಎಂದು ಪುಟ್ಟಿ ಪಟಪಟನೆ ಹೇಳಿದ್ದಳು. ಮೇಡಂ ಅವಳ ಬಯೋಡೇಟಾದ ಮೂಲೆಯಲ್ಲಿ ಏನೋ ಗೀಚಿ, ವಿಳಾಸದ ಕಾರ್ಡು ಕೊಟ್ಟು, ಕೈಪಿಡಿಯೊಂದನ್ನು ಅವಳತ್ತ ತಳ್ಳಿ ಮುಂದಿನವನನ್ನು ಕೈಸನ್ನೆಯಿಂದ ಕರೆದಿದ್ದರು.

“ಸರ್, ಆ ಮೇಡಂ ಮಾತೇ ಆಡ್ಲಿಲ್ಲ” ಎಂದಳು ಪುಟ್ಟಿ.

“ಆಡದಿದ್ರೆ ಏನಾಯ್ತು? ಹೊಗಳಿದ್ರೆ ಬೇಡ ಅನ್ನೋರು ಯಾರಮ್ಮಾ? ಕೂತ್ಕೋ.”

ಅವಳು ಕೂತಳು. ವಿಧೇಯತೆಯನ್ನು ವಿದ್ಯೆಯೆಂದು ನಂಬಿಸಲು ಹದಿನಾರು ವರ್ಷ ಸಾಕಾಗುತ್ತದೆ.

ಸಂಜೆ ಅವಳು ಚಿಕ್ಕಪ್ಪನ ಝೆರಾಕ್ಸ್ ಅಂಗಡಿಗೆ ಹೋದಳು. ಅಪ್ಪ ಹೋದಮೇಲೆ ಅವಳನ್ನು ಓದಿಸಿದವನು ಈ ಚಿಕ್ಕಪ್ಪ. ಕೋರ್ಸು ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಅಂಗಡಿಯ ಕೌಂಟರಿನಲ್ಲಿ ಅವಳೇ ಕೂರಬೇಕೆಂದು ಮಾತಾಗಿತ್ತು. ಹಿಂದಿನ ಎರಡು ಮೇಳಗಳಿಂದ ಅವಳು ಬರಿಗೈಲಿ ಬಂದಿದ್ದಳು. ಕೌಂಟರಿನ ಎತ್ತರದ ಸ್ಟೂಲು ಅವಳಿಗಾಗಿ ತಾಳ್ಮೆಯಿಂದ ಕಾಯುತ್ತಿತ್ತು.

“ಬಾರೇ ಇಂಜಿನಿಯರಮ್ಮ” ಎಂದ ಚಿಕ್ಕಪ್ಪ. ಯಂತ್ರದಿಂದ ಬೆಚ್ಚಗಿನ ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು. “ನೋಡು, ಇವೆಲ್ಲ ನಿಮ್ಮ ಕಾಲೇಜಿನವರ ಬಯೋಡೇಟಾಗಳು. ಎಲ್ಲರೂ ಕಷ್ಟಪಟ್ಟು ದುಡಿಯೋರೇ, ಎಲ್ಲರ ಹವ್ಯಾಸವೂ ಪುಸ್ತಕ ಓದೋದೇ. ಹೆಸರು ಮುಚ್ಚಿಬಿಟ್ರೆ ಹೆತ್ತ ತಾಯೂ ಗುರ್ತು ಹಿಡಿಯಲ್ಲ.”

“ಚಿಕ್ಕಪ್ಪ, ಸರ್ ಹೇಳಿದ್ದನ್ನೇ ಕಳಿಸ್ಲಾ?”

“ನನ್ನ ಕೇಳ್ತೀಯಲ್ಲ! ನಕಲು ಮಾಡೋದು ನನ್ನ ಹೊಟ್ಟೆಪಾಡು. ನಿಂಗೇನು ಬಂತು?”

ಹಾಗಂದರೂ ಅವಳು ನಮೂನೆಯನ್ನೇ ಕಳಿಸಿದಳು. ಸರ್‌ಗೊಂದು ಪ್ರತಿ ಹಾಕಿದಳು. ಉತ್ತರ ಬೇಗ ಬಂತು, ಸರ್‌ಗೂ ಪ್ರತಿಯೊಡನೆ:

“ನಿನ್ನೆ ನಾನು ಮಾತಾಡಲೇ ಇಲ್ಲ. ನಿಮ್ಮ ಕಾಲೇಜಿನ ಎಲ್ಲರ ಕಿವಿಗಳಲ್ಲೂ ಅನುರಣಿಸುತ್ತಿರುವುದು ಏನೆಂದು ವೈದ್ಯರಲ್ಲಿ ವಿಚಾರಿಸುವುದು ಒಳ್ಳೆಯದು.”

ಪುಟ್ಟಿಯ ಮುಖ ಸುಟ್ಟಂತಾಯಿತು. ಚಿಕ್ಕಪ್ಪ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಚೀಲದಿಂದ ಆ ಕೈಪಿಡಿ ತೆಗೆದು, ಮೊದಲ ಸಲ, ಓದಿದಳು. ಮೊದಲ ಪುಟಗಳು ಎಲ್ಲ ಕಂಪನಿಗಳೂ ತಮ್ಮ ಬಗ್ಗೆ ಹೇಳಿಕೊಳ್ಳುವ ಸುಳ್ಳುಗಳು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಸುರಕ್ಷತೆಯ ಸಾಲುಗಳಿದ್ದವು. ಮೊದಲು ಒಳಗಿರುವವರನ್ನು ಮಾತಾಡಿಸಬೇಕು. ಬಾಗಿಲು ತೆರೆಯಲು ಯತ್ನಿಸಬೇಡಿರೆಂದು ಹೇಳಬೇಕು. ಆಮೇಲೆ ಮುಖ್ಯ ಸ್ವಿಚ್ಚು ಆರಿಸಬೇಕು. ಎಲ್ಲ ಮಹಡಿಗಳ ಬಾಗಿಲೂ ಮುಚ್ಚಿವೆಯೆಂದು ಖಚಿತವಾದ ಮೇಲಷ್ಟೇ ಬ್ರೇಕು.

ಆ ಪ್ರಶ್ನೆಯ ಉತ್ತರ ಮೇಳದಲ್ಲೇ ಅವಳ ಕೈಗೆ ಬಂದಿತ್ತು, ನುಣುಪು ಕಾಗದದಲ್ಲಿ.

ಅವಳು ಅಲ್ಲೇ ನಿಂತು ಬರೆದಳು: “ಮೇಡಂ, ಹಿಂದಿನ ಪತ್ರ ನನ್ನದಲ್ಲ, ಕಳಿಸಿದ ತಪ್ಪು ಮಾತ್ರ ನನ್ನದು. ನೀವು ಪ್ರಶ್ನೆಯನ್ನು ಬರೆದು ತೋರಿಸಿದಿರಿ. ನಾನು ಬ್ರೇಕು ಎಂದೆ. ಮೊದಲು ಒಳಗಿರುವವರನ್ನು ಮಾತಾಡಿಸಬೇಕಿತ್ತು. ಯಂತ್ರ ನೆನಪಾಯಿತು, ಜನ ನೆನಪಾಗಲಿಲ್ಲ. ನಿಮ್ಮ ಗಂಟಲು ಬೇಗ ಗುಣವಾಗಲಿ.”

ಮರುದಿನ ಬಂದ ಉತ್ತರದಲ್ಲಿ ಸಿಹಿಯೇನೂ ಇರಲಿಲ್ಲ: “ಸೇವಾ ವಿಭಾಗದ ತರಬೇತಿ ಹುದ್ದೆಗೆ ನಮ್ಮ ಜಾಲತಾಣದಲ್ಲಿ ಅರ್ಜಿ ಹಾಕಿ, ಅರ್ಜಿಯ ಸಂಖ್ಯೆ ಕಳಿಸಿ. ಅದಿಲ್ಲದೆ ನಿಮ್ಮ ಹೆಸರನ್ನು ನಾನು ಮುಂದೆ ಕಳಿಸಲಾರೆ. ಇದು ಭರವಸೆಯಲ್ಲ.” ಅವಳು ಅರ್ಜಿ ಹಾಕಿ ಸಂಖ್ಯೆ ಕಳಿಸಿದಳು. ಮುಂದಿನ ವಾರ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗಾಜಿನ ಲೋಟದಲ್ಲಿ ನೀರು. ಮೇಡಂ ಈಗ ಮಾತಾಡುತ್ತಿದ್ದರು; ಧ್ವನಿ ಇನ್ನೂ ಸ್ವಲ್ಪ ಗೊಗ್ಗರಾಗಿತ್ತು.

“ನನ್ನ ಗಂಟಲು ವಿಚಾರಿಸಿ ನಿಮ್ಮ ಕಾಲೇಜಿಂದ ರಾಶಿ ಪತ್ರ ಬಂದಿದೆ. ಎಲ್ಲರಿಗೂ ಯಂತ್ರ ನೆನಪಾಯ್ತಂತೆ, ಜನ ನೆನಪಾಗಲಿಲ್ಲವಂತೆ. ಏನ್ರೀ ಇದು, ಭಜನೆಯಾ?”

ಪುಟ್ಟಿಗೆ ಆಗ ಹೊಳೆಯಿತು. ಪ್ರತಿ ಹೋಗುವವರ ಸಾಲಿನಿಂದ ಸರ್ ಹೆಸರನ್ನು ಅವಳು ಅಳಿಸಿರಲಿಲ್ಲ. ಅವಳ ಪಶ್ಚಾತ್ತಾಪವನ್ನು ಆ ಮಹಾನುಭಾವರು ಪರದೆಗೇರಿಸಿದ್ದರು, ಹೆಸರಿನ ಜಾಗ ಖಾಲಿ ಬಿಟ್ಟು. ಉಳಿದವರು ತಾವೆಂದೂ ಕೊಡದ ಉತ್ತರಕ್ಕೆ ಅಚ್ಚುಕಟ್ಟಾಗಿ ಕ್ಷಮೆ ಕೇಳಿದ್ದರು.

“ಸರ್‌ಗೂ ಹೋಗಿತ್ತು ಮೇಡಂ. ತೆಗೆಯೋದು ಮರೆತೆ.”

“ಮೊದಲು ಬಂದಿದ್ದು ನಿಮ್ಮದೇ, ಗೊತ್ತು. ಆದ್ರೆ ನಿಮಗೂ ಯಾರೋ ಬರೆದುಕೊಟ್ಟಿರಬಹುದಲ್ಲ? ಸರಿ, ಮಾತಾಡಿಸ್ಬೇಕು ಅಂದ್ರಲ್ಲ. ನಾನು ಒಳಗೆ ಸಿಕ್ಕಿಕೊಂಡಿದೀನಿ. ಮಾತಾಡ್ಸಿ.”

ಮೇಡಂ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದರು. ಇದಕ್ಕೆ ನಮೂನೆ ಇರಲಿಲ್ಲ. ಪುಟ್ಟಿ ಎದ್ದು ನಿಂತಳು.

“ಅಮ್ಮಾ, ನಾನು ಲಿಫ್ಟ್ ಕಂಪನಿಯಿಂದ ಬಂದಿದೀನಿ. ಕೇಳಿಸ್ತಿದೆಯಾ? ಒಳಗೆ ಎಷ್ಟು ಜನ ಇದೀರಿ?”

ಉತ್ತರವಿಲ್ಲ.

“ಯಾರಿಗಾದ್ರೂ ಏಟಾಗಿದೆಯಾ? ಬಾಗಿಲಿಗೆ ಕೈ ಹಾಕ್ಬೇಡಿ. ನಿಂತಿದೆ ಅಷ್ಟೇ, ಬೀಳಲ್ಲ. ನಾನು ಎಲ್ಲೂ ಹೋಗಲ್ಲ.”

ಗೋಡೆಯ ಗಡಿಯಾರದ ಮುಳ್ಳು ಕೂಡ ಕೊಂಚ ತಿರಸ್ಕಾರದಿಂದಲೇ ಚಲಿಸುತ್ತಿತ್ತು. ಪುಟ್ಟಿ ಕುರ್ಚಿಯ ಹತ್ತಿರ ಬಂದಳು. ಆಮೇಲೆ ಅವಳು ಇನ್ನೂ ಮೆಲ್ಲಗೆ ಹೇಳಿದಳು:

“ಮಾತಾಡೋಕೆ ಆಗ್ತಿಲ್ವಾ? ಪರವಾಗಿಲ್ಲ. ಕೇಳಿಸ್ತಿದ್ರೆ ಎರಡು ಸಲ ತಟ್ಟಿ, ಸಾಕು.”

ಗೋಡೆಗೆ ಮುಖ ಮಾಡಿಯೇ, ಮೇಡಂ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿದರು.

ತರಬೇತಿಗೆ ಸೇರುವ ಪತ್ರ ಬಂದ ವಾರವೇ ಕಾಲೇಜಿನ ಸೂಚನಾ ಫಲಕದಲ್ಲಿ ಪುಟ್ಟಿಯ ಭಾವಚಿತ್ರ ಕಾಣಿಸಿತು. ಅಡಿಯಲ್ಲಿ, ಉದ್ಯೋಗಾಧಿಕಾರಿಗಳ ಮಾರ್ಗದರ್ಶನದ ಫಲ ಎಂಬ ಒಕ್ಕಣೆ. ಅದರ ಪ್ರತಿ ತೆಗೆಸಲು ನಮೂನೆ ಸರ್ ಚಿಕ್ಕಪ್ಪನ ಅಂಗಡಿಗೇ ಬಂದಿದ್ದರು. ಚಿಕ್ಕಪ್ಪ ಹಾಳೆಯನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚಿ, ಒಳಗೆ ನಿಂತಿದ್ದ ಪುಟ್ಟಿಯತ್ತ ನೋಡಿದ.

“ಸ್ಟೂಲಿಗೆ ಬೇರೆ ಯಾರನ್ನಾದ್ರೂ ಹುಡುಕ್ಬೇಕಲ್ಲೇ” ಎಂದು ಗೊಣಗಿದ. ಆಮೇಲೆ ಸರ್ ಕಡೆ ತಿರುಗಿ, ಬಹಳ ಗೌರವದಿಂದ ಕೇಳಿದ: “ನಿಮಗೆ ಸಂಜೆ ಹೊತ್ತು ಬಿಡುವಿರುತ್ತಾ ಸಾರ್?”